ಎಐ ಚಿತ್ರ ಅಚ್ಚಿಗೆ ಹೋಗುವ ಮುನ್ನ: ಪಿಕ್ಸೆಲ್ ಎಣಿಸಿದರೆ ಸಾಲದು

ಪ್ರಶ್ನೆ: ನಾವು ಚನ್ನಪಟ್ಟಣದ ಮರದ ಆಟಿಕೆ ಮಾರುತ್ತೇವೆ. ಗಾಲಿ ಕುದುರೆಯ ಫೋನ್ ಫೋಟೋ ಕೊಟ್ಟು ಎಐನಲ್ಲಿ ಒಂದು ಚಿತ್ರ ಮಾಡಿಸಿದೆ. 1024 × 1536 ಪಿಕ್ಸೆಲ್ ಇದೆ. ಎ4 ಕ್ಯಾಟಲಾಗಿನ ಮುಖಪುಟಕ್ಕೂ, ಮೇಳದಲ್ಲಿ ನಿಲ್ಲಿಸುವ 3 × 6 ಅಡಿ ಸ್ಟ್ಯಾಂಡಿಗೂ ಇದೇ ಬೇಕು. ಪ್ರೆಸ್ಸಿನವರು "ಒಡೆಯುತ್ತೆ" ಅಂದರು. ಡಿಪಿಐ 300 ಮಾಡಿ ಕಳಿಸಿದೆ, ಒಪ್ಪಲಿಲ್ಲ. ಆಮೇಲೆ ಅಪ್‌ಸ್ಕೇಲರ್‌ನಲ್ಲಿ 4 ಪಟ್ಟು ಮಾಡಿ ಕಳಿಸಿದೆ. ಪ್ರೂಫ್‌ನಲ್ಲಿ ಕುದುರೆ ಪ್ಲಾಸ್ಟಿಕ್ ಥರ ಕಾಣುತ್ತಿದೆ, ಅಂಚಿಗೆ ಬಿಳಿ ಗೆರೆ ಬಂದಿದೆ. ಎಲ್ಲಿ ತಪ್ಪಾಯಿತು? ಅಚ್ಚಿಗೆ ಮುಂಚೆಯೇ ಇದನ್ನು ನೋಡಿಕೊಳ್ಳುವುದು ಹೇಗೆ?

ಉತ್ತರ:

ಮೊದಲು ಡಿಪಿಐ ವಿಷಯ ಮುಗಿಸಿಬಿಡೋಣ. ಫೈಲಿನೊಳಗೆ 300 ಎಂದು ಬರೆದಿದ್ದರೆ ಅದು ಒಂದು ಸೂಚನೆ ಅಷ್ಟೆ. ಅದನ್ನು 72ರಿಂದ 300ಕ್ಕೆ ಬದಲಿಸಿದರೆ ಒಂದು ಪಿಕ್ಸೆಲ್ ಕೂಡ ಹೆಚ್ಚಾಗುವುದಿಲ್ಲ. ಪ್ರೆಸ್ಸಿನವರು ಕೇಳುವುದು ಬೇರೆ: ಕಾಗದದ ಮೇಲೆ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಬೀಳುತ್ತದೆ? ಎ4 ಪುಟಕ್ಕೆ ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಆಮೇಲೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು, ಬಿಟ್ಟರೆ ಅಳತೆ 216 × 303 ಮಿ.ಮೀ. ಆಗುತ್ತದೆ. ಅಗಲ ಎಂಟೂವರೆ ಇಂಚು. ನಿಮ್ಮ 1024 ಪಿಕ್ಸೆಲನ್ನು ಎಂಟೂವರೆ ಇಂಚಿಗೆ ಹರಡಿದರೆ ಇಂಚಿಗೆ ಬರುವುದು 120. ಪ್ರೆಸ್ಸಿನವರು ಬೇಡ ಅಂದದ್ದು ಸರಿಯಾಗಿಯೇ ಇದೆ.

ಈಗ ಎರಡನೇ ಫೈಲಿನ ಲೆಕ್ಕ ನೋಡಿ. 4 ಪಟ್ಟು ಮಾಡಿದಾಗ ಅದು 4096 × 6144 ಆಯಿತು. ಅದೇ ಎಂಟೂವರೆ ಇಂಚಿಗೆ ಹರಡಿದರೆ ಇಂಚಿಗೆ 480 ಚಿಲ್ಲರೆ ಪಿಕ್ಸೆಲ್. ಅಂದರೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಆದರೂ ಪ್ರೂಫ್ ಕೆಟ್ಟಿತು. ಯಾಕೆಂದರೆ ಅಲ್ಲಿ ಕೊರತೆ ಇರುವುದು ಪಿಕ್ಸೆಲಿನದ್ದಲ್ಲ, ವಿವರದ್ದು. ಈ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮೊದಲನೆಯದಕ್ಕೆ ಒಂದು ಭಾಗಾಕಾರ ಸಾಕು. ಎರಡನೆಯದಕ್ಕೆ ಕಣ್ಣು ಬೇಕು, ಜೊತೆಗೆ ಮುಂದೆ ಹೇಳುವ ಒಂದೆರಡು ಉಪಾಯ ಬೇಕು.

ನಿಮ್ಮ ಕುದುರೆ ಯಾಕೆ ಪ್ಲಾಸ್ಟಿಕ್ ಆಯಿತು ಎಂಬುದನ್ನು ಅಳತೆಯಲ್ಲೇ ಹೇಳಬಹುದು. ಲೇತ್ ಮೇಲೆ ತಿರುಗಿಸಿದ ಮರದ ಮೈಮೇಲೆ ಸಣ್ಣ ಸುತ್ತುಗೆರೆಗಳು ಇರುತ್ತವೆ. ಕೆಂಪು ಅರಗು ಹಳದಿ ಅರಗನ್ನು ಮುಟ್ಟುವ ಕಡೆ ಗಡಿ ಕೊಂಚ ಅಲುಗಿರುತ್ತದೆ. ಗಾಲಿಯ ಒಳಗೆ ಬಣ್ಣ ಹಚ್ಚದ ಕಡೆ ಆಲೆ ಮರದ ನಾರು ಕಾಣುತ್ತದೆ. ಇವೆಲ್ಲ ಸುಮಾರು ಅರ್ಧ ಮಿ.ಮೀ. ಗಾತ್ರದ ಸಂಗತಿಗಳು ಎಂದುಕೊಳ್ಳಿ. ಕುದುರೆಯನ್ನು ಹೆಚ್ಚು ಕಡಿಮೆ ನಿಜ ಗಾತ್ರದಲ್ಲೇ ಮುಖಪುಟದಲ್ಲಿ ತೋರಿಸುತ್ತೀರಿ ಅಂದರೆ, ಇಂಚಿಗೆ 120 ಪಿಕ್ಸೆಲ್ ಇರುವ ಮೂಲ ಚಿತ್ರದಲ್ಲಿ ಅಂಥ ಒಂದು ಗೆರೆಗೆ ಸಿಗುವುದು ಎರಡು ಪಿಕ್ಸೆಲಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಗೆರೆ ನಿಲ್ಲುವುದೇ ಕಷ್ಟ. ಚಿತ್ರ ಹುಟ್ಟಿಸುವ ಮಾದರಿ ಅದನ್ನು ಅಲ್ಲೇ ಸವರಿಬಿಟ್ಟಿರುತ್ತದೆ. ಆಮೇಲೆ ಬಂದ ಅಪ್‌ಸ್ಕೇಲರ್‌ಗೆ ಅಲ್ಲಿ ಗೆರೆ ಇತ್ತು ಎಂದು ಗೊತ್ತಾಗುವುದು ಹೇಗೆ? ನುಣುಪಾದ ಕೆಂಪು ಎಂದು ತಿಳಿದು ಇನ್ನಷ್ಟು ನುಣುಪು ಮಾಡುತ್ತದೆ. ಆದರೆ ಕುದುರೆಯ ಹೊರಗೆರೆಯನ್ನು ಮಾತ್ರ ಚೂಪು ಮಾಡುತ್ತದೆ. ಹೊರಗೆರೆ ಚೂಪು, ಮೈ ನುಣುಪು. ಪ್ಲಾಸ್ಟಿಕ್ ಕಾಣುವುದೂ ಹಾಗೇ ಅಲ್ವಾ?

ನಿಜಕ್ಕೂ ಎಷ್ಟು ಬೇಕು?

300 ಎಂಬ ಸಂಖ್ಯೆ ಎಲ್ಲಿಂದ ಬಂತು ಗೊತ್ತಿದ್ದರೆ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಎಂಬುದು ತಿಳಿಯುತ್ತದೆ. ಆಫ್‌ಸೆಟ್‌ನಲ್ಲಿ ಚಿತ್ರ ಚುಕ್ಕಿಗಳಾಗಿ ಅಚ್ಚಾಗುತ್ತದೆ. ಆರ್ಟ್ ಪೇಪರ್ ಮೇಲೆ ಸಾಮಾನ್ಯವಾಗಿ ಇಂಚಿಗೆ 150 ಸಾಲು ಚುಕ್ಕಿ, ಒಳ್ಳೆಯ ಪ್ರೆಸ್ಸಿನಲ್ಲಿ 175. ಚುಕ್ಕಿಯ ಸಾಲಿನ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಪಿಕ್ಸೆಲ್ ಕೊಟ್ಟರೆ ಸಾಕು ಎನ್ನುವುದು ಹಳೆಯ ಲೆಕ್ಕ. 150ಕ್ಕೆ ಅದು 225ರಿಂದ 300. ಹಾಗಾಗಿ ಮಸುಕು ಹಿನ್ನೆಲೆಗೆ 225 ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಕುದುರೆಯ ಮೈ, ಕಣ್ಣು, ಹಗ್ಗದ ಗಂಟು ಇರುವ ಕಡೆ 300 ಇರಲಿ.

ಸ್ಟ್ಯಾಂಡಿಯ ಲೆಕ್ಕ ಬೇರೆ. ಅದನ್ನು ಯಾರೂ ಕೈಯಲ್ಲಿ ಹಿಡಿದು ನೋಡುವುದಿಲ್ಲ. ಒಳ್ಳೆಯ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬೇರ್ಪಡಿಸಿ ನೋಡಬಲ್ಲದು ಎಂದು ಹಿಡಿಯುತ್ತಾರೆ. ಅದರಿಂದ ಒಂದು ಸುಲಭ ಸೂತ್ರ ಬರುತ್ತದೆ: 3438 ಅನ್ನು ನೋಡುವ ದೂರದಿಂದ ಭಾಗಿಸಿ, ದೂರ ಇಂಚಿನಲ್ಲಿ. ಕೈಯಲ್ಲಿ ಹಿಡಿದ ಕ್ಯಾಟಲಾಗಿಗೆ 12 ಇಂಚು, ಉತ್ತರ 286. ಐದು ಅಡಿ ದೂರದ ಸ್ಟ್ಯಾಂಡಿಗೆ 60 ಇಂಚು, ಉತ್ತರ 57. ಜನ ಒಂದು ಹೆಜ್ಜೆ ಹತ್ತಿರ ಬಂದು ನೋಡಬಹುದು, ಹಾಗಾಗಿ 75ರಿಂದ 100 ಇಟ್ಟುಕೊಂಡರೆ ಧೈರ್ಯ. 3 × 6 ಅಡಿ ಅಂದರೆ ಅಗಲಕ್ಕೆ ಎರಡರಷ್ಟು ಎತ್ತರ. ನಿಮ್ಮ ಚಿತ್ರ ಅಷ್ಟು ಉದ್ದ ಇಲ್ಲ, ಎರಡು ಬದಿ ಕತ್ತರಿಸಬೇಕು. 4 ಪಟ್ಟು ಮಾಡಿದ ಫೈಲಿನಲ್ಲಿ 3072 × 6144 ಉಳಿಯುತ್ತದೆ. 72 ಇಂಚು ಎತ್ತರಕ್ಕೆ ಅದು ಇಂಚಿಗೆ 85. ಸಾಕು. ಸ್ಟ್ಯಾಂಡಿಗೆಂದು 8 ಪಟ್ಟು, 16 ಪಟ್ಟು ಮಾಡಲು ಹೋಗಬೇಡಿ. ಫೈಲು ಊದುತ್ತದೆ, ಕುದುರೆ ಇನ್ನಷ್ಟು ನುಣುಪಾಗುತ್ತದೆ.

ಮೊದಲು ತೊಳೆಯಿರಿ, ಆಮೇಲೆ ಹಿಗ್ಗಿಸಿ

ಕ್ರಮ ಬಹಳ ಮುಖ್ಯ. ಅಪ್‌ಸ್ಕೇಲರ್‌ಗೆ ಕೊಳೆ ಯಾವುದು, ವಿವರ ಯಾವುದು ಎಂಬ ಭೇದ ಗೊತ್ತಿಲ್ಲ. ಚಿಕ್ಕ ಚಿತ್ರದಲ್ಲಿ ಅಷ್ಟಾಗಿ ಕಾಣದ ಒಂದು ಕಲೆ ದೊಡ್ಡದರಲ್ಲಿ ಗಟ್ಟಿ ಗೆರೆಯಾಗಿ ನಿಲ್ಲುತ್ತದೆ. ಆದ್ದರಿಂದ 1024 × 1536 ಮೂಲದಲ್ಲೇ ತಪ್ಪು ಹುಡುಕಿ. ಪಿಎನ್‌ಜಿ ಮೂಲ ಸಿಕ್ಕರೆ ಅದನ್ನೇ ಬಳಸಿ. ವಾಟ್ಸಾಪಿನಿಂದ ಇಳಿಸಿಕೊಂಡ ಜೆಪೆಗ್‌ನಿಂದ ಶುರು ಮಾಡಬೇಡಿ.

ಫೋಟೋಶಾಪಿನಲ್ಲಿ 200 ಶೇಕಡಾಗೆ ಹಿಗ್ಗಿಸಿ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ನೋಡುತ್ತ ಬನ್ನಿ. ಗಾಲಿಯ ಅಚ್ಚು ಎರಡೂ ಬದಿ ಒಂದೇ ನೇರದಲ್ಲಿದೆಯೇ? ಹಗ್ಗ ಕುದುರೆಯ ಹಿಂದೆ ಹೋಗಿ ಅದೇ ಜಾಗದಿಂದ ಹೊರಬರುತ್ತಿದೆಯೇ? ನಾಲ್ಕು ಗಾಲಿಗೂ ನೆರಳು ಒಂದೇ ಕಡೆ ಬಿದ್ದಿದೆಯೇ? ನಿಮ್ಮ ನಿಜವಾದ ಆಟಿಕೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಬಣ್ಣದ ಪಟ್ಟಿಗಳನ್ನು ಎಣಿಸಿ. ಮಾದರಿ ಒಂದು ಪಟ್ಟಿ ಜಾಸ್ತಿ ಹಾಕಿರುವುದು ಬಹಳ ಸಾಮಾನ್ಯ. ಇಂಥ ದೊಡ್ಡ ತಪ್ಪುಗಳನ್ನು ಚಿಕ್ಕ ಗಾತ್ರದಲ್ಲಿ ತಿದ್ದುವುದು ಸುಲಭ, ದೊಡ್ಡದರಲ್ಲಿ ಕುಂಚ ಹಿಡಿದು ಕೂರಬೇಕಾಗುತ್ತದೆ.

ಅಕ್ಷರ ಎಲ್ಲೇ ಇದ್ದರೂ ಅಳಿಸಿ. ಹಿಂದೆ ಇಟ್ಟ ಡಬ್ಬಿಯ ಮೇಲೆ ಕನ್ನಡದಂತೆ ಕಾಣುವ ಏನೋ ಬರೆದಿದ್ದರೆ ಅದು ಓದಲು ಬರುವುದಿಲ್ಲ. ಸರಿಯಾದ ಅಕ್ಷರವೇ ಇದ್ದರೂ ಚಿಕ್ಕದಿದ್ದರೆ ಹಿಗ್ಗಿಸುವಾಗ ಒತ್ತಕ್ಷರ ಕರಗಿ ಹೋಗಬಹುದು, 'ವ' ಇದ್ದದ್ದು 'ಪ' ಆಗಬಹುದು. ಹೆಸರು, ಬೆಲೆ, ತೂಕ ಎಲ್ಲವನ್ನೂ ಪುಟ ಕಟ್ಟುವಾಗ ಫಾಂಟಿನಲ್ಲೇ ಹಾಕಿ. ಆಗ ಅವು ಪಿಕ್ಸೆಲ್ ಆಗದೆ ಗೆರೆಯಾಗಿಯೇ ಪ್ಲೇಟಿಗೆ ಹೋಗುತ್ತವೆ, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ.

ಇನ್ನೊಂದು ಕೊಳೆ ಹುಡುಕಿದರೆ ಮಾತ್ರ ಕಾಣುತ್ತದೆ. ಹಲವು ಮಾದರಿಗಳು ಚಿತ್ರವನ್ನು ನೇರವಾಗಿ ಪಿಕ್ಸೆಲಿನಲ್ಲಿ ಬಿಡಿಸುವುದಿಲ್ಲ. ಕುಗ್ಗಿಸಿದ ರೂಪದಲ್ಲಿ ಲೆಕ್ಕ ಹಾಕಿ, ಕೊನೆಗೆ ಬಿಚ್ಚಿ ಚಿತ್ರ ಮಾಡುತ್ತವೆ. ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಈ ಕುಗ್ಗುವಿಕೆ ಉದ್ದಕ್ಕೂ ಅಗಲಕ್ಕೂ 8 ಪಟ್ಟು. ಬಿಚ್ಚುವಾಗ ಸಪಾಟಾದ ಗೋಡೆ, ಮೇಜು, ಆಕಾಶದಂಥ ಜಾಗಗಳಲ್ಲಿ ತೆಳುವಾದ ಜಾಲರಿ ಉಳಿಯುವುದುಂಟು. ಅದನ್ನು ನೋಡಲು ಒಂದು Curves ಪದರ ಹಾಕಿ, ಗೆರೆಯನ್ನು ತುಂಬಾ ಕಡಿದಾಗಿ ಎಳೆಯಿರಿ. ಬಣ್ಣ ಭೀಕರವಾಗಿ ಕಾಣುತ್ತದೆ, ಆದರೆ ಜಾಲರಿ, ಜೆಪೆಗ್ ಚೌಕಗಳು, ಅಲೆಅಲೆಯಾದ ಗಲೀಜು ಎಲ್ಲ ಮೇಲೆದ್ದು ಬರುತ್ತವೆ. ನೋಡಿದ ಮೇಲೆ ಆ ಪದರ ತೆಗೆಯಿರಿ. ಕೊಳೆ ಇರುವ ಸಪಾಟು ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಒಂದು ಪಿಕ್ಸೆಲಿನಷ್ಟು Surface Blur ಕೊಡಿ. ಕುದುರೆಯ ಮೇಲೆ ಅದು ಬೀಳಬಾರದು. ಇದನ್ನು ಮಾಡದೆ ಹಿಗ್ಗಿಸಿದರೆ ಗೋಡೆ ಬಟ್ಟೆಯ ನೇಯ್ಗೆ ಥರ ಆಗುತ್ತದೆ.

ಒಳಪುಟಗಳಲ್ಲಿ ಬಿಳಿ ಹಿನ್ನೆಲೆಯ ಚಿತ್ರ ಬಳಸುವಿರಾದರೆ ಇದನ್ನೂ ನೋಡಿ. ಎಐ ಕೊಡುವ ಬಿಳಿ ಹಲವು ಸಲ ಪೂರ್ತಿ ಬಿಳಿ ಅಲ್ಲ. 255 ಇರಬೇಕಾದ ಕಡೆ 250 ಇರುತ್ತದೆ. ಸ್ಕ್ರೀನಿನಲ್ಲಿ ಗೊತ್ತಾಗುವುದಿಲ್ಲ. ಅಚ್ಚಿನಲ್ಲಿ ಅದು 2 ಶೇಕಡಾ ಚುಕ್ಕಿಯಾಗಿ ಬಂದು, ಕಾಗದದ ಬಿಳಿಯ ಮೇಲೆ ಕೊಳಕು ಚೌಕ ಕಾಣುತ್ತದೆ. Levelsನಲ್ಲಿ ಎಡಗಡೆಯ ಗುಂಡಿಯನ್ನು ತಾತ್ಕಾಲಿಕವಾಗಿ 240ಕ್ಕೆ ಎಳೆದರೆ ಆ ಚೌಕ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ.

ಹಿಗ್ಗಿಸುವುದು

ಅಪ್‌ಸ್ಕೇಲರ್‌ಗಳಲ್ಲಿ ಎರಡು ಜಾತಿ. ಒಂದು, ಇರುವ ಅಂಚುಗಳನ್ನು ಹಿಡಿದು ಚೂಪು ಮಾಡುತ್ತ ಹಿಗ್ಗಿಸುವುದು. 2021ರಲ್ಲಿ ಬಂದ ರಿಯಲ್-ಇಎಸ್‌ಆರ್‌ಗ್ಯಾನ್ ಇಂಥದ್ದು. Upscayl ಎಂಬ ಉಚಿತ ತಂತ್ರಾಂಶ ಅದನ್ನೇ ಕಿಟಕಿ, ಗುಂಡಿ ಇಟ್ಟು ಸುಲಭ ಮಾಡಿಕೊಟ್ಟಿದೆ. ಇನ್ನೊಂದು ಜಾತಿ, ಹಿಗ್ಗಿಸುವಾಗ ಚಿತ್ರವನ್ನೇ ಮತ್ತೆ ಹುಟ್ಟಿಸುವುದು. ನೋಡಲು ಇದು ಬೆರಗು ಹುಟ್ಟಿಸುತ್ತದೆ. ಮರದ ನಾರು, ಗೀರು, ಹೊಳಪು ಎಲ್ಲ ತುಂಬಿಕೊಡುತ್ತದೆ. ಆದರೆ ಆ ನಾರು ನಿಮ್ಮ ಆಲೆ ಮರದ್ದಲ್ಲ. ತೇಗದ ನಾರು ಹಾಕಿದರೂ ಹಾಕೀತು. ಮಾರುವ ವಸ್ತುವಿನ ಮೇಲೆ ಈ ಎರಡನೇ ಜಾತಿಯನ್ನು ಬಳಸಬೇಡಿ ಎಂದೇ ನನ್ನ ಸಲಹೆ. ಗ್ರಾಹಕರು ಚಿತ್ರದಲ್ಲಿ ನೋಡಿದ್ದನ್ನೇ ಕೇಳುತ್ತಾರೆ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಹೇಳಿದೆ.

ಮೊದಲ ಜಾತಿಯದ್ದನ್ನು ಬಳಸುವಾಗ ಅದರ ಫಲಿತಾಂಶವನ್ನು ಹಾಗೇ ತೆಗೆದುಕೊಳ್ಳಬೇಡಿ. ಅದೇ ಮೂಲವನ್ನು ಮಾಮೂಲಿ ವಿಧಾನದಲ್ಲೂ ಹಿಗ್ಗಿಸಿ, ಎರಡನ್ನೂ ಬೆರೆಸಿ. ಮಾಮೂಲಿ ವಿಧಾನದ್ದು ಮಸುಕಾಗಿರುತ್ತದೆ, ಆದರೆ ಮೂಲದಲ್ಲಿದ್ದ ಮೆಲುವಾದ ಏರಿಳಿತವನ್ನು ಉಳಿಸಿಕೊಂಡಿರುತ್ತದೆ. ರಿಯಲ್-ಇಎಸ್‌ಆರ್‌ಗ್ಯಾನ್ ಜೊತೆಗೆ, ಆಜ್ಞೆ ಬರೆದು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಇದ್ದರೆ ಹೀಗೆ, `clean.png` ಅಂದರೆ ನೀವು ತೊಳೆದಿಟ್ಟ ಮೂಲ:

```
realesrgan-ncnn-vulkan -i clean.png -o ai.png -n realesrgan-x4plus
magick clean.png -filter Lanczos -resize 400% plain.png
magick plain.png ai.png -define compose:args=60 -compose blend -composite mix.png
```

ಇಲ್ಲಿ 60 ಎಂಬುದು ಅಪ್‌ಸ್ಕೇಲರ್ ಚಿತ್ರದ ಪಾಲು. ಫೋಟೋಶಾಪಿನಲ್ಲಾದರೆ ಒಂದರ ಮೇಲೊಂದು ಪದರ ಇಟ್ಟು ಮೇಲಿನದರ Opacity ಇಳಿಸಿ. ಅಲ್ಲಿ ಇನ್ನೊಂದು ಅನುಕೂಲ ಇದೆ: ಮಾಸ್ಕ್ ಹಾಕಿ ಗಾಲಿಯ ಅಂಚಿನಲ್ಲಿ 80, ಕುದುರೆಯ ಮೈಮೇಲೆ 40 ಎಂದು ಜಾಗಕ್ಕೆ ತಕ್ಕಂತೆ ಕೊಡಬಹುದು.

ಆಮೇಲೆ ಮುಖಪುಟದ ಅಳತೆಗೆ ಇಳಿಸಿ. 216 × 303 ಮಿ.ಮೀ. ಎಂದರೆ 300ರ ಲೆಕ್ಕದಲ್ಲಿ ಸುಮಾರು 2552 × 3580 ಪಿಕ್ಸೆಲ್. ಅಗಲಕ್ಕೆ ಸರಿ ಮಾಡಿದಾಗ ಎತ್ತರ 3828 ಬರುತ್ತದೆ, ಉಳಿದ 248 ಪಿಕ್ಸೆಲ್ ಕತ್ತರಿಸಬೇಕು. ಕೆಳಗಿನ ಆಜ್ಞೆ ಮೇಲೂ ಕೆಳಗೂ ಸಮವಾಗಿ ಕತ್ತರಿಸುತ್ತದೆ. ಕುದುರೆಯ ಕಿವಿ ಮೇಲಂಚಿಗೆ ಹತ್ತಿರ ಇದ್ದರೆ `center` ಬದಲು `north` ಎಂದು ಕೊಡಿ, ಆಗ ಕೆಳಗೆ ಮಾತ್ರ ಕತ್ತರಿಸುತ್ತದೆ.

```
magick mix.png -filter Lanczos -resize 2552x -gravity center -crop 2552x3580+0+0 +repage -units PixelsPerInch -density 300 a4.tif
```

4 ಪಟ್ಟು ಹಿಗ್ಗಿಸಿ ಮತ್ತೆ ಎರಡೂವರೆ ಪಟ್ಟಿಗೆ ಇಳಿಸುವುದು ಸುಮ್ನೆ ಸುತ್ತು ಹಾಕಿದಂತೆ ಕಾಣಬಹುದು. ಹಾಗಲ್ಲ. ಇಳಿಸುವಾಗ ಅಪ್‌ಸ್ಕೇಲರ್ ಹುಟ್ಟಿಸಿದ ಸಣ್ಣ ಹುಳುಕುಗಳು, ಹುಳುವಿನಂಥ ಗೆರೆಗಳು ಕರಗುತ್ತವೆ.

ಮರದ ಗೆರೆ ಎಲ್ಲಿಂದ ತರುವುದು?

ಇಷ್ಟೆಲ್ಲ ಮಾಡಿದರೂ ಒಂದು ಸತ್ಯ ಬದಲಾಗುವುದಿಲ್ಲ. ಮೂಲದಲ್ಲಿ ಇಲ್ಲದ ಸುತ್ತುಗೆರೆ ಬೆರೆಸುವುದರಿಂದ ಬರುವುದಿಲ್ಲ. ಆದರೆ ಆ ಗೆರೆ ಇನ್ನೊಂದು ಕಡೆ ಇದೆ: ನೀವು ತೆಗೆದ ಫೋನ್ ಫೋಟೋದಲ್ಲಿ. ಸಾಧಾರಣ 12 ಮೆಗಾಪಿಕ್ಸೆಲ್ ಫೋನ್ ಕೂಡ ಸುಮಾರು 3000 × 4000 ಪಿಕ್ಸೆಲ್ ಕೊಡುತ್ತದೆ. ಮುಖಪುಟದಲ್ಲಿ ಕುದುರೆ 5 ಇಂಚು ಅಗಲ ಇದ್ದರೆ ಬೇಕಿರುವುದು 1500 ಪಿಕ್ಸೆಲ್. ಹತ್ತಿರದಿಂದ ತೆಗೆದ ಫೋಟೋದಲ್ಲಿ ಕುದುರೆಗೇ ಎರಡು ಸಾವಿರಕ್ಕಿಂತ ಜಾಸ್ತಿ ಸಿಗುತ್ತದೆ. ಹಿಗ್ಗಿಸುವ ಮಾತೇ ಇಲ್ಲ, ಇಳಿಸಿದರೆ ಸಾಕು.

ಹಾಗಾಗಿ ನಾನಾದರೆ ಹಿನ್ನೆಲೆ ಮಾತ್ರ ಎಐನದ್ದು ಇಟ್ಟುಕೊಂಡು, ಕುದುರೆಯನ್ನು ನಿಜದ ಫೋಟೋದಿಂದ ತರುತ್ತೇನೆ. ಎಐ ಚಿತ್ರದಲ್ಲಿ ಕುದುರೆ ಯಾವ ಕೋನದಲ್ಲಿದೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ. ಅದೇ ಕೋನದಲ್ಲಿ, ಕಿಟಕಿಯ ಬೆಳಕನ್ನು ಅದೇ ಕಡೆಯಿಂದ ಬಿಟ್ಟು, ಫೋನನ್ನು ಸ್ಟ್ಯಾಂಡಿಗೆ ಹಾಕಿ ಮತ್ತೊಮ್ಮೆ ತೆಗೆಯಿರಿ. ತೀರಾ ಹತ್ತಿರ ಹೋದರೆ ಮೂತಿ ದಪ್ಪವಾಗುತ್ತದೆ, ಎರಡು ಮೂರು ಅಡಿ ಹಿಂದೆ ನಿಂತು 2x ಲೆನ್ಸ್ ಇದ್ದರೆ ಬಳಸಿ. ಕುದುರೆಯನ್ನು ಕತ್ತರಿಸಿ ಎಐ ಕುದುರೆಯ ಮೇಲೆ ಕೂರಿಸಿ. ನೆಲದ ನೆರಳು ಹಿನ್ನೆಲೆಯದ್ದೇ ಇರಲಿ, ಅದು ಮಸುಕಾಗಿರುವುದರಿಂದ ಹಿಗ್ಗಿದರೂ ನಷ್ಟವಿಲ್ಲ. ಹಿಂದಿನ ಎಐ ಕುದುರೆ ಅಂಚಿನಲ್ಲಿ ಇಣುಕಿದರೆ ಅಲ್ಲಿ ಹಿನ್ನೆಲೆಯನ್ನು ತುಂಬಿ.

ಕೋನ ಹೊಂದದೆ ಇದು ಆಗದು ಎಂದಾದರೆ, ಬೆರೆಸಿದ ಚಿತ್ರದ ಮೇಲೆ ತೀರಾ ಸಣ್ಣ ನಾಯ್ಸ್ ಹಾಕಿ. 2 ಶೇಕಡಾ, Gaussian, Monochromatic. ಗೆರೆ ಬರುವುದಿಲ್ಲ, ಪ್ಲಾಸ್ಟಿಕ್ ನುಣುಪು ಮುರಿಯುತ್ತದೆ. ಗೋಡೆಯ ಮೇಲೆ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಬಂದಿದ್ದರೆ ಅದಕ್ಕೂ ಇದೇ ಮದ್ದು.

ಬಿಳಿ ಗೆರೆ

ಅಂಚಿನ ಬಿಳಿ ಗೆರೆ ಶಾರ್ಪನಿಂಗ್ ಜಾಸ್ತಿಯಾದ ಗುರುತು. ಶಾರ್ಪನ್ ಮಾಡುವುದು ಅಂದರೆ ಕಪ್ಪು ಬಿಳಿ ಸೇರುವ ಕಡೆ ಕಪ್ಪನ್ನು ಇನ್ನೂ ಕಪ್ಪು, ಬಿಳಿಯನ್ನು ಇನ್ನೂ ಬಿಳಿ ಮಾಡುವುದು. ನಿಮ್ಮ ಚಿತ್ರದಲ್ಲಿ ಇದು ಒಂದಕ್ಕಿಂತ ಹೆಚ್ಚು ಸಲ ಆಗಿರುವ ಸಾಧ್ಯತೆ ಇದೆ. ಫೋನ್ ಮಾಡಿರುತ್ತದೆ, ಮಾದರಿಯೂ ಅಂಥ ಚಿತ್ರಗಳಿಂದಲೇ ಕಲಿತಿರುತ್ತದೆ, ಅಪ್‌ಸ್ಕೇಲರ್ ಮಾಡಿರುತ್ತದೆ, ಕೊನೆಗೆ ನೀವೋ ಡಿಟಿಪಿಯವರೋ ಮಾಡಿರುತ್ತೀರಿ. ಮೂಲದಲ್ಲಿ 1 ಪಿಕ್ಸೆಲ್ ಇದ್ದ ಬಿಳಿ ಗೆರೆ 4 ಪಟ್ಟು ಹಿಗ್ಗಿದಾಗ 4 ಪಿಕ್ಸೆಲ್ ಆಗುತ್ತದೆ.

ಅದು ಕಾಗದದಲ್ಲಿ ಕಾಣುತ್ತದೋ ಇಲ್ಲವೋ ಎಂಬುದಕ್ಕೂ ಲೆಕ್ಕ ಇದೆ. 300ರಲ್ಲಿ ಒಂದು ಪಿಕ್ಸೆಲ್ ಅಂದರೆ 0.085 ಮಿ.ಮೀ. ಒಂದು ಅಡಿ ದೂರದಿಂದ ಕಣ್ಣು ಬೇರ್ಪಡಿಸಬಲ್ಲ ಗಾತ್ರ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಒಂದು ಪಿಕ್ಸೆಲಿನ ಬಿಳಿ ಅಂಚು ಗೆರೆಯಾಗಿ ಕಾಣುವುದಿಲ್ಲ, ಚೂಪಾಗಿದೆ ಎಂಬ ಭಾವನೆ ಮಾತ್ರ ಕೊಡುತ್ತದೆ. ನಿಮ್ಮ 4 ಪಟ್ಟಿನ ಫೈಲಿನಲ್ಲಿ ನಾಲ್ಕು ಪಿಕ್ಸೆಲ್ ಅಂದರೆ ಇಂಚಿಗೆ 480ರ ಲೆಕ್ಕದಲ್ಲಿ 0.21 ಮಿ.ಮೀ., ಅದು ಗೆರೆಯಾಗಿಯೇ ಕಾಣುತ್ತದೆ. ಮೂಲದಲ್ಲೇ ಬಿಳಿ ಗೆರೆ ಇದ್ದರೆ ಹಿಗ್ಗಿಸುವ ಮುಂಚೆ ತೆಗೆಯಿರಿ: ಕ್ಲೋನ್ ಸ್ಟ್ಯಾಂಪ್ ಅನ್ನು Darken ಮೋಡ್‌ಗೆ ಹಾಕಿ, ಪಕ್ಕದ ಹಿನ್ನೆಲೆಯನ್ನು ಎತ್ತಿಕೊಂಡು ಅಂಚಿನ ಗುಂಟ ಎಳೆಯಿರಿ. ಬಿಳಿ ಮಾತ್ರ ಹೋಗುತ್ತದೆ, ಕುದುರೆಯ ಕೆಂಪು ಹಾಗೇ ಇರುತ್ತದೆ.

ಶಾರ್ಪನ್ ಒಂದೇ ಸಲ, ಕೊನೆಯಲ್ಲಿ, ಕಾಗದದ ಅಳತೆಗೆ ಇಳಿಸಿದ ಮೇಲೆ. ಹೊಳಪಿನ ಪದರದ ಮೇಲೆ ಮಾತ್ರ ಆಗುವಂತೆ Luminosity ಮೋಡ್ ಇಟ್ಟುಕೊಂಡು, Unsharp Maskನಲ್ಲಿ Amount 100, Radius 1.0, Threshold 3 ರಿಂದ ಶುರು ಮಾಡಿ. ಸ್ಕ್ರೀನಿನಲ್ಲಿ 100 ಶೇಕಡಾದಲ್ಲಿ ನೋಡಿದಾಗ ಸ್ವಲ್ಪ ಗರಗರ ಅನ್ನಿಸಬೇಕು. ಆಫ್‌ಸೆಟ್ ಚುಕ್ಕಿ ಮತ್ತು ಕಾಗದ ಅದನ್ನು ಕೊಂಚ ಮೆತ್ತಗೆ ಮಾಡುತ್ತವೆ. ಆದರೆ ಆ ನೋಟ ನೋಡಿ ಹೆದರಲೂ ಬೇಡಿ, ಮರುಳಾಗಲೂ ಬೇಡಿ: 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇಂಚಿಗೆ 92 ಪಿಕ್ಸೆಲ್ ಇರುವುದರಿಂದ 100 ಶೇಕಡಾ ಅಂದರೆ ಕಾಗದದಲ್ಲಿ ಬರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದೊಡ್ಡದು. 50 ಶೇಕಡಾಕ್ಕೆ ಇಳಿಸಿ ನೋಡುವುದು ಅಚ್ಚಿಗೆ ಹತ್ತಿರ.

ವಿವರ ಇದೆಯೇ ಇಲ್ಲವೇ: ಅರ್ಧ ಮಾಡಿ ನೋಡಿ

ಇದು ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ನೇರ ಉತ್ತರ. ಒಂದು ಚಿತ್ರದಲ್ಲಿ ನಿಜವಾದ ಸಣ್ಣ ವಿವರ ಇದ್ದರೆ, ಅದನ್ನು ಅರ್ಧಕ್ಕೆ ಇಳಿಸಿ ಮತ್ತೆ ಎರಡು ಪಟ್ಟು ಮಾಡಿದಾಗ ಏನಾದರೂ ಕಳೆದುಹೋಗಬೇಕು. ಏನೂ ಕಳೆಯದಿದ್ದರೆ ಅಲ್ಲಿ ಕಳೆಯಲು ಏನೂ ಇರಲಿಲ್ಲ ಎಂದರ್ಥ. ಕಳೆದದ್ದನ್ನು ಮಾತ್ರ ಚಿತ್ರವಾಗಿ ನೋಡಬಹುದು:

```
magick a4.tif -resize 50% -resize 200% half.tif
magick a4.tif half.tif -compose difference -composite -evaluate multiply 8 diff.png
```

ಉದ್ದ, ಅಗಲ ಎರಡೂ ಸಮಸಂಖ್ಯೆ ಇರಲಿ, ಇಲ್ಲದಿದ್ದರೆ ಎರಡು ಚಿತ್ರದ ಗಾತ್ರ ಹೊಂದುವುದಿಲ್ಲ. ಮೇಲೆ 2551 ಬಿಟ್ಟು 2552 ಹಿಡಿದದ್ದು ಅದಕ್ಕೇ. 8ರಿಂದ ಗುಣಿಸುವುದು ಕಣ್ಣಿಗೆ ಕಾಣಲಿ ಎಂದು.

ಈಗ `diff.png` ತೆರೆದು ನೋಡಿ. ಕುದುರೆಯ ಹೊರಗೆರೆ ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದು ಮೈಯೆಲ್ಲ ಕಪ್ಪಾಗಿದ್ದರೆ, ಪ್ರೂಫಿನಲ್ಲಿ ಬರುವುದು ನೀವು ನೋಡಿದ ಅದೇ ಪ್ಲಾಸ್ಟಿಕ್. ಹೊರಗೆರೆ ದಪ್ಪವಾಗಿ, ಜೋಡಿ ಗೆರೆಯಾಗಿ ಹೊಳೆದರೆ ಬಿಳಿ ಅಂಚಿನ ಕಾಟ ಇನ್ನೂ ಇದೆ. ಮೈಮೇಲೆ ಸುತ್ತುಗೆರೆಗಳು, ಗಾಲಿಯ ನಾರು ತೆಳುವಾಗಿ ಮೂಡಿದ್ದರೆ ವಿವರ ಇದೆ. ಎಲ್ಲ ಕಡೆ ಒಂದೇ ಥರ ಮರಳು ಮರಳಾಗಿ ಕಂಡರೆ ಅದು ನಾಯ್ಸ್, ವಿವರ ಅಲ್ಲ. ಅಪ್‌ಸ್ಕೇಲರ್‌ನ ಕಚ್ಚಾ ಫೈಲಿಗೂ ಹೀಗೇ ಮಾಡಿ, ಫೋನ್ ಫೋಟೋ ಕೂರಿಸಿದ ಫೈಲಿಗೂ ಮಾಡಿ. ಪಕ್ಕ ಪಕ್ಕ ಇಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕೆಲವರು ಚೂಪನ್ನು ಒಂದು ಅಂಕಿಯಲ್ಲಿ ಹೇಳುತ್ತಾರೆ. ಲಾಪ್ಲಾಸಿಯನ್ ವೇರಿಯನ್ಸ್ ಎಂಬ ಅಳತೆ ಅದು:

```python
import cv2
g = cv2.imread("a4.tif", 0)[1500:1900, 1000:1400]
print(cv2.Laplacian(g, cv2.CV_64F).var())
```

ನಡುವಿನ ನಾಲ್ಕು ಸಂಖ್ಯೆಗಳು ಕುದುರೆಯ ಮೈಯ ಒಂದು ತುಂಡನ್ನು ಆರಿಸಲು. ನಿಮ್ಮ ಚಿತ್ರದಲ್ಲಿ ಮೈ ಎಲ್ಲಿದೆಯೋ ಅಲ್ಲಿಗೆ ಬದಲಿಸಿಕೊಳ್ಳಿ. ಇಷ್ಟು ಬಂದರೆ ಪಾಸು ಎಂಬ ಅಂಕಿ ಇಲ್ಲ. ಒಂದೇ ಅಳತೆಗೆ ತಂದ ಒಂದೇ ವಸ್ತುವಿನ ಎರಡು ಚಿತ್ರಗಳನ್ನು ಹೋಲಿಸಲು ಮಾತ್ರ ಇದು ಕೆಲಸಕ್ಕೆ ಬರುತ್ತದೆ. ನಾಯ್ಸ್ ಹಾಕಿದರೂ, ಬಿಳಿ ಅಂಚು ಇದ್ದರೂ ಅಂಕಿ ಏರುತ್ತದೆ. ಅದಕ್ಕೇ `diff.png` ನೋಡಿದ ಮೇಲೆ ಮಾತ್ರ ಈ ಅಂಕಿಗೆ ಬೆಲೆ ಕೊಡಿ.

ಕೊನೆಗೆ ಕಾಗದ. ಪೂರ್ತಿ ಪುಟ ಅಲ್ಲ, 10 ಸೆಂ.ಮೀ. ಚೌಕದ ತುಂಡು ಸಾಕು. 300ರಲ್ಲಿ ಅದು 1181 ಪಿಕ್ಸೆಲ್. ಕುದುರೆಯ ಮುಖ, ಒಂದು ಗಾಲಿ, ಸ್ವಲ್ಪ ಹಿನ್ನೆಲೆ ಬರುವ ಹಾಗೆ ಕತ್ತರಿಸಿ, ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಆರ್ಟ್ ಪೇಪರ್ ಮೇಲೆ ತೆಗೆಸಿ. "ಫಿಟ್ ಟು ಪೇಜ್ ಬೇಡ, ನಿಜ ಅಳತೆಯಲ್ಲಿ ಕೊಡಿ" ಎಂದು ಹೇಳಿ. ಬೆರೆಸಿದ ಪಾಲು 40, 60, 80 ಇರುವ ಮೂರು ತುಂಡುಗಳನ್ನು ಒಂದೇ ಹಾಳೆಯಲ್ಲಿ ಹಾಕಿಸಿದರೆ ಆಯ್ಕೆ ಸುಲಭ. ಹಗಲು ಬೆಳಕಿನಲ್ಲಿ, ಓದುವ ದೂರದಲ್ಲಿ ನೋಡಿ. ಸ್ಟ್ಯಾಂಡಿಗೂ ಹಾಗೇ: ನಿಜ ಅಳತೆಯ ಒಂದು ಎ4 ತುಂಡು ತೆಗೆಸಿ ಗೋಡೆಗೆ ಅಂಟಿಸಿ, ಐದು ಅಡಿ ಹಿಂದೆ ನಿಂತು ನೋಡಿ. ಹತ್ತಿರ ಹೋಗಿ ನೋಡಿದರೆ ಅದು ಮಸುಕಾಗಿಯೇ ಕಾಣುತ್ತದೆ, ಅದು ತಪ್ಪಲ್ಲ. ಅರಗಿನ ಕೆಂಪು ಅಚ್ಚಿನ ನಾಲ್ಕು ಬಣ್ಣಗಳಾದ ಸಿಎಂವೈಕೆಗೆ ಬಂದಾಗ ಸ್ವಲ್ಪ ಮಂಕಾಗುವುದು ಈ ತುಂಡಿನಲ್ಲೇ ಗೊತ್ತಾಗುತ್ತದೆ. ಡಿಜಿಟಲ್ ಪ್ರಿಂಟಿನ ಬಣ್ಣ ಆಫ್‌ಸೆಟ್‌ಗೆ ಪೂರ್ತಿ ಹೊಂದುವುದಿಲ್ಲ. ಆದರೆ ಚೂಪು, ಬಿಳಿ ಗೆರೆ, ಜಾಲರಿ ನೋಡಲು ಅದು ಸಾಕು.

ಕಳಿಸುವಾಗ ಕೆಡುವುದು

ಇಷ್ಟು ಮಾಡಿದ ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಪಿಕ್ಸೆಲ್ ಇಳಿಯುತ್ತದೆ, ಜೆಪೆಗ್ ಚೌಕ ಸೇರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ. ಡಿಟಿಪಿಯವರು ಕೋರಲ್‌ಡ್ರಾದಲ್ಲಿ ಪುಟ ಕಟ್ಟುವುದಾದರೆ ಚಿತ್ರವನ್ನು ಒತ್ತಿದಾಗ ಕೆಳಗಿನ ಪಟ್ಟಿಯಲ್ಲಿ ಅದರ ಡಿಪಿಐ ಕಾಣುತ್ತದೆ. ಇನ್‌ಡಿಸೈನ್ ಆದರೆ Links ಫಲಕದಲ್ಲಿ ಎರಡು ಸಂಖ್ಯೆ ಇರುತ್ತವೆ. Actual PPI ನೋಡಬೇಡಿ, Effective PPI ನೋಡಿ. ಚಿತ್ರವನ್ನು ಎಳೆದು ದೊಡ್ಡದು ಮಾಡಿದ್ದರೆ ಅದು ಅಲ್ಲಿ ಸಿಕ್ಕಿಬೀಳುತ್ತದೆ.

ಪ್ರೆಸ್ಸಿಗೆ ಹೋಗುವ ಕೊನೆಯ ಪಿಡಿಎಫ್‌ನ್ನೂ ತರಿಸಿಕೊಂಡು ಒಮ್ಮೆ ನೋಡಿ. ಪಿಡಿಎಫ್ ಮಾಡುವಾಗಿನ ಒಂದು ತಪ್ಪು ಸೆಟ್ಟಿಂಗಿನಿಂದ ಚಿತ್ರ 150ಕ್ಕೆ ಇಳಿದಿರಬಹುದು. ಪಾಪ್ಲರ್ ಎಂಬ ಉಚಿತ ಸಲಕರಣೆ ಇದ್ದರೆ ಒಂದೇ ಸಾಲು:

```
pdfimages -list cover.pdf
```

ಬರುವ ಪಟ್ಟಿಯಲ್ಲಿ `x-ppi` ಮತ್ತು `y-ppi` ಎಂಬ ಕಂಬಗಳನ್ನು ನೋಡಿ. ಮುಖಪುಟಕ್ಕೆ ಎರಡೂ 300ರ ಆಸುಪಾಸು, ಸ್ಟ್ಯಾಂಡಿಗೆ 85ರ ಆಸುಪಾಸು ಇರಬೇಕು. ಸ್ಟ್ಯಾಂಡಿಯ ಪುಟವನ್ನು ಕೆಲವರು ಹತ್ತರಲ್ಲಿ ಒಂದು ಅಳತೆಯಲ್ಲಿ ಕಟ್ಟುತ್ತಾರೆ. ಹಾಗಿದ್ದರೆ ಅಲ್ಲಿ 850 ಕಾಣುತ್ತದೆ, ಹತ್ತರಿಂದ ಭಾಗಿಸಿಕೊಳ್ಳಿ. ಎರಡು ಕಂಬದ ಸಂಖ್ಯೆ ಒಂದಕ್ಕೊಂದು ಹೊಂದದಿದ್ದರೆ ಯಾರೋ ಚಿತ್ರವನ್ನು ಒಂದೇ ಕಡೆ ಎಳೆದಿದ್ದಾರೆ, ನಿಮ್ಮ ಕುದುರೆಯ ಗಾಲಿ ಮೊಟ್ಟೆಯಾಕಾರ ಆಗಿರುತ್ತದೆ. ಪ್ಲೇಟ್ ಹಾಕುವ ಮುಂಚೆ ಹೇಳಿ ಸರಿ ಮಾಡಿಸಿ.